ಕೂಲಿಂಗ್ ಟವರಿನ ನೀರು ಮತ್ತು ಲವಣದ ಲೆಕ್ಕ

ಸೊಲ್ಲಾಪುರದ ಸಮೀಪದ ಉಷ್ಣ ವಿದ್ಯುತ್ ಸ್ಥಾವರಕ್ಕೆ ಉಜನಿ ಜಲಾಶಯದ ನೀರು ಬರುತ್ತದೆ. ಇಂತಹ ಸ್ಥಾವರಗಳ ಕೂಲಿಂಗ್ ಟವರಿನ ಮೇಲೆ ಕಾಣುವ ಬಿಳಿಯ ಮೋಡವನ್ನು ಮಕ್ಕಳು ಹೊಗೆಯೆಂದು ತಿಳಿಯುವುದುಂಟು. ವಾಸ್ತವವಾಗಿ ಅದು ನೀರಾವಿ ತಣಿದು ಉಂಟಾದ ಸೂಕ್ಷ್ಮ ಹನಿಗಳ ಸಮೂಹ. ಪಾಠವನ್ನು ಇಲ್ಲಿಂದಲೇ ಆರಂಭಿಸಬಹುದು.

ಟರ್ಬೈನಿನಿಂದ ಹೊರಬಂದ ಹಬೆಯನ್ನು ಕಂಡೆನ್ಸರಿನಲ್ಲಿ ತಣಿಸಿದ ನೀರು ತಾನು ಬಿಸಿಯಾಗಿ ಟವರಿಗೆ ಬರುತ್ತದೆ. ಅಲ್ಲಿ ಅದು ಹನಿಹನಿಯಾಗಿ ಇಳಿಯುವಾಗ ಗಾಳಿ ಅದರ ನಡುವೆ ಹಾಯುತ್ತದೆ. ಸ್ವಲ್ಪ ನೀರು ಆವಿಯಾಗುತ್ತ, ಅದಕ್ಕೆ ಬೇಕಾದ ಗುಪ್ತೋಷ್ಣವನ್ನು ಉಳಿದ ನೀರಿನಿಂದ ಹೀರಿಕೊಳ್ಳುತ್ತದೆ. 1,000 ಕಿಲೋಗ್ರಾಂ ನೀರು 10 ಡಿಗ್ರಿ ಸೆಲ್ಸಿಯಸ್ ತಣಿಯಲು ಸುಮಾರು 42,000 ಕಿಲೋಜೌಲ್ ಶಾಖ ಹೊರಹೋಗಬೇಕು. ಒಂದು ಕಿಲೋಗ್ರಾಂ ನೀರು ಆವಿಯಾದರೆ ಸುಮಾರು 2,400 ಕಿಲೋಜೌಲ್ ಒಯ್ಯುತ್ತದೆ. ಆದ್ದರಿಂದ 17.5 ಕಿಲೋಗ್ರಾಂ ನೀರು ಆವಿಯಾಗಬೇಕು. ಶಾಖದ ಒಂದಂಶ ಗಾಳಿಯನ್ನು ಬಿಸಿಮಾಡಲು ಹೋಗುವುದರಿಂದ, ನಮ್ಮ ಲೆಕ್ಕಕ್ಕೆ 15 ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ.

ನೀರು ಆವಿಯಾದರೂ ಅದರಲ್ಲಿ ಕರಗಿದ್ದ ಲವಣ ಆವಿಯಾಗದು. ನಷ್ಟವನ್ನು ತುಂಬಲು ಸೇರಿಸುವ ಹೊಸ ನೀರು ಮತ್ತಷ್ಟು ಲವಣವನ್ನು ತರುತ್ತದೆ. ಹೀಗೆ ಲವಣದ ಸಾಂದ್ರತೆ ಏರಿದಂತೆ ಕ್ಯಾಲ್ಸಿಯಂ ಕಾರ್ಬೊನೇಟ್ ಕಂಡೆನ್ಸರಿನ ಕೊಳವೆಗಳ ಒಳಗೆ ಗಾರೆಯಂತೆ ಅಂಟಿಕೊಂಡು ಶಾಖದ ಹರಿವನ್ನು ತಡೆಯುತ್ತದೆ. ಆದಕಾರಣ ಸುತ್ತುವ ನೀರಿನ ಒಂದು ಭಾಗವನ್ನು ಹೊರಬಿಡಬೇಕು. ಇದೇ ಬ್ಲೋಡೌನ್.

ಎಷ್ಟು ಹೊರಬಿಡಬೇಕು? ಹೊಸ ನೀರಿನ ಲೀಟರಿನಲ್ಲಿ 300 ಮಿಲಿಗ್ರಾಂ ಲವಣವಿದೆ, ಸುತ್ತುವ ನೀರಿನಲ್ಲಿ 1,500ರವರೆಗೆ ಇರಬಹುದು ಎಂದಿಟ್ಟುಕೊಳ್ಳಿ. ಅಂದರೆ ಐದು ಪಟ್ಟು. ಆಗ ಹೊರಬಿಟ್ಟ ಒಂದು ಪಾಲು ನೀರು, ಒಳಬಂದ ಐದು ಪಾಲಿನ ಲವಣವನ್ನು ಒಯ್ಯುತ್ತದೆ. ಉಳಿದ ನಾಲ್ಕು ಪಾಲು ಆವಿಯಾದ ನೀರು. ನಾಲ್ಕು ಪಾಲು 15 ಲೀಟರ್ ಆದರೆ ಒಂದು ಪಾಲು 3.75 ಲೀಟರ್, ಸೇರಿಸಬೇಕಾದ ಹೊಸ ನೀರು 18.75 ಲೀಟರ್.

ಇದೇ ಲೆಕ್ಕವನ್ನು ಎರಡು ಪಟ್ಟಿಗೂ ಹತ್ತು ಪಟ್ಟಿಗೂ ಮಾಡಿಸಿರಿ. ಎರಡಕ್ಕೆ 30 ಲೀಟರ್ ಬೇಕು. ಹತ್ತಕ್ಕೆ ಸುಮಾರು 16.7 ಸಾಕು. ಎರಡರಿಂದ ಐದಕ್ಕೆ ಏರಿದಾಗ ಉಳಿತಾಯ 11 ಲೀಟರಿಗೂ ಹೆಚ್ಚು; ಐದರಿಂದ ಹತ್ತಕ್ಕೆ ಏರಿದಾಗ ಕೇವಲ ಎರಡು ಲೀಟರ್, ಆದರೆ ಲವಣದ ಸಾಂದ್ರತೆ ಇಮ್ಮಡಿ. ನೀರು ಉಳಿಸಲು ಬ್ಲೋಡೌನನ್ನು ಪೂರ್ತಿ ನಿಲ್ಲಿಸುವುದು ಏಕೆ ಸಲ್ಲದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸ್ಥಾವರದಲ್ಲಿ ಲವಣದ ಏರಿಕೆಯನ್ನು ನೀರಿನ ವಿದ್ಯುತ್ ವಾಹಕತೆಯಿಂದ ಅರಿಯುತ್ತಾರೆ. ಆದರೆ ಅದೊಂದೇ ಸಾಲದು. ಕ್ಲೋರೈಡ್ ಸುಲಭವಾಗಿ ಗಟ್ಟಿಯಾಗಿ ಬೇರ್ಪಡುವುದಿಲ್ಲ. ಹೊಸ ನೀರಿಗಿಂತ ಕ್ಲೋರೈಡ್ ಐದು ಪಟ್ಟು ಏರಿದ್ದು, ಕ್ಯಾಲ್ಸಿಯಂ ನಾಲ್ಕೇ ಪಟ್ಟು ಏರಿದ್ದರೆ, ಉಳಿದ ಕ್ಯಾಲ್ಸಿಯಂ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ತರಗತಿಗೆ ಬಿಡಿರಿ. ಅದು ಕೊಳವೆಗಳ ಗೋಡೆಯಲ್ಲಿ ಕುಳಿತಿರಬೇಕೆಂದು ವಿದ್ಯಾರ್ಥಿಗಳೇ ಊಹಿಸಿದರೆ ಪಾಠದ ಉದ್ದೇಶ ಈಡೇರಿದಂತೆ.