ಫೇಲಾದ ಬೋರ್: ಚೀಲ ತುರುಕಿದರೆ ಮುಚ್ಚಿದಂತಲ್ಲ

2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆ ಹೆಣಗಾಡಿ ಜೀವಂತ ಹೊರತೆಗೆದರು. ನಮ್ಮ ಹೊನ್ನಾಳಿ ಕಡೆಯೂ ಬೋರ್ ಫೇಲಾದರೆ ಕೇಸಿಂಗ್ ಪೈಪು ಕಿತ್ತು, ಬಾಯಿಗೆ ಚೀಲ ತುರುಕಿ ಸುಮ್ಮನಾಗೋರಿದ್ದಾರೆ. ಚೀಲ ಕೊಳೆತರೆ ಮತ್ತೆ ಅದೇ ಗುಂಡಿ.

ನಮ್ಮ ತೋಟದ ಬೋರನ್ನು ನಾನು ತಳದಿಂದಲೇ ತುಂಬಿಸಿದೆ. ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ಆಳ ಅಳೆದೆ. ಆಮೇಲೆ ಮರಳು, ಸಣ್ಣ ಜಲ್ಲಿ, ಬೋರ್ ಕೊರೆದಾಗ ಬಂದ ಪುಡಿಯನ್ನು ಸ್ವಲ್ಪಸ್ವಲ್ಪವೇ ಸುರಿದೆ. ಒಮ್ಮೆಲೇ ಸುರಿದರೆ ನಡುವೆ ಸಿಕ್ಕಿಕೊಂಡು ಕೆಳಗೆ ಟೊಳ್ಳು ಉಳಿಯುತ್ತೆ. ಆಗಾಗ ಹಗ್ಗ ಇಳಿಸಿ ನೋಡಿ. ನಾಲ್ಕೇ ಬುಟ್ಟಿಗೆ ಹತ್ತಾರು ಅಡಿ ಮೇಲೆ ಬಂದಿದ್ದರೆ ಸಿಕ್ಕಿಕೊಂಡಿದೆ ಅಂತಲೇ ಅರ್ಥ. ನೆಲಮಟ್ಟಕ್ಕೆ ಬಂದ ಮೇಲೂ ಸುತ್ತ ಬೇಲಿ ಇರಲಿ. ಒಂದು ಮಳೆಗಾಲ ಕಳೆದು, ಕುಸಿದಷ್ಟನ್ನು ಮತ್ತೆ ತುಂಬಿಸಿ.

ನೀರಿರುವ ಬೋರಾದರೆ, ಮೋಟಾರ್ ರಿಪೇರಿಗೆ ಎತ್ತಿದ ದಿನವೂ ಕೇಸಿಂಗ್ ಬಾಯಿಗೆ ಬೋಲ್ಟ್ ಬಿಗಿದ ಕಬ್ಬಿಣದ ಮುಚ್ಚಳ ಹಾಕಿಬಿಡಿ.