ಮೊದಲು ಮೆಟ್ಟಿಲು, ಆಮೇಲೆ ಚಾಪೆ

ನನಗೆ ಬರುವುದು ಒಂದಲ್ಲ, ಎರಡು ಬಗೆಯ ತಲೆನೋವು ಎಂದು ತಿಳಿಯಲು ಒಂದು ಭಾನುವಾರ ಬಚ್ಚಲಿನ ಗೋಡೆ ಹಿಡಿದು ವಾಂತಿ ಮಾಡಬೇಕಾಯಿತು.

ನನ್ನದು ಲೆಕ್ಕಪತ್ರದ ಕೆಲಸ. ಮಾರ್ಚ್ ಬಂತೆಂದರೆ ಸಂಜೆ ಹೊತ್ತಿಗೆ ತಲೆಯ ಸುತ್ತ ಯಾರೋ ಬಟ್ಟೆ ಬಿಗಿದು ಕಟ್ಟಿದ ಹಾಗೆ. ಮನೆಗೆ ಬಂದು ಆಸನ ಹಾಕಿದರೆ ಸಡಿಲವಾಗುತ್ತಿತ್ತು. ಅದೇ ಧೈರ್ಯದಲ್ಲಿ ಆ ಭಾನುವಾರ, ಬಲಗಣ್ಣಿನ ಹಿಂದೆ ಟಕ್ ಟಕ್ ಎಂದು ಮಿಡಿಯುತ್ತಿದ್ದ ನೋವಿಗೂ ಸೂರ್ಯನಮಸ್ಕಾರವೇ ಮದ್ದು ಅಂದುಕೊಂಡೆ. ಎರಡನೇ ಸುತ್ತಿನಲ್ಲಿ ಸೊಂಟ ಮೇಲೆ, ತಲೆ ಕೆಳಗೆ ಆದದ್ದೇ ತಡ, ಎದೆಬಡಿತವೆಲ್ಲ ಕಣ್ಣಿಗೆ ಬಂದು ನಿಂತಿತು.

"ಅದು ಮೈಗ್ರೇನ್ ಇದ್ದೀತು ಕಣ್ರೀ, ಮೊದಲು ಡಾಕ್ಟರಿಗೆ ತೋರಿಸಿ" ಎಂದರು ಯೋಗದ ಮೇಡಂ. ಡಾಕ್ಟರೂ ಹೌದೆಂದರು. ಮಹಡಿ ಮೆಟ್ಟಿಲು ಹತ್ತಿದರೆ ನೋವು ಹೆಚ್ಚುತ್ತದೆಯೇ, ಬೆಳಕು ಚುಚ್ಚುತ್ತದೆಯೇ, ಹೊಟ್ಟೆ ತೊಳೆಸುತ್ತದೆಯೇ ಎಂದು ಕೇಳಿದರು. ಬಿಗಿತದ ತಲೆನೋವು ಸಾಮಾನ್ಯವಾಗಿ ಎರಡೂ ಕಡೆ ಒತ್ತುತ್ತದೆ, ಮೆಟ್ಟಿಲಿಗೆ ಜಗ್ಗುವುದಿಲ್ಲ. ಸಿಡಿಲು ಬಡಿದಂತೆ ಒಮ್ಮೆಲೇ ಬಂದರೆ, ಜ್ವರದ ಜೊತೆ ಕತ್ತು ಸೆಟೆದುಕೊಂಡರೆ, ಮಾತು ತೊದಲಿದರೆ ಚಾಪೆಯ ಯೋಚನೆ ಬಿಟ್ಟು ಆಸ್ಪತ್ರೆಗೆ ಓಡಬೇಕು ಎಂದೂ ಹೇಳಿದರು.

ಬಿಗಿತದ ದಿನ ನಾನು ಕುರ್ಚಿಯಿಂದಲೇ ಶುರುಮಾಡುತ್ತೇನೆ. ಉಸಿರೆಳೆಯುತ್ತ ಹೆಗಲನ್ನು ಕಿವಿಯವರೆಗೆ ಎತ್ತಿ, ಬಿಡುತ್ತ ಇಳಿಬಿಡುವುದು, ಐದು ಸಲ. ಆಮೇಲೆ ಕಿವಿಯನ್ನು ಹೆಗಲಿನ ಕಡೆ ವಾಲಿಸಿ ಐದು ಉಸಿರು. ಮೊದಮೊದಲು ಬೇಗ ವಾಸಿಯಾಗಲೆಂದು ಕೈಯಿಂದ ತಲೆಯನ್ನು ಎಳೆಯುತ್ತಿದ್ದೆ, ಮರುದಿನ ಕತ್ತೇ ತಿರುಗುತ್ತಿರಲಿಲ್ಲ. ಈಗ ತಲೆಯ ಭಾರಕ್ಕೆ ಎಷ್ಟು ವಾಲುತ್ತದೋ ಅಷ್ಟೇ. ನಂತರ ಮಾರ್ಜಾಲಾಸನ ಆರು ಸಲ, ನಿಧಾನವಾಗಿ. ಶಶಾಂಕಾಸನದಲ್ಲಿ ಹಣೆ ದಿಂಬಿನ ಮೇಲೆ. ಕೊನೆಗೆ ಕತ್ತಿನ ಕೆಳಗೆ ಮಡಿಸಿದ ಟವೆಲ್ಲಿಟ್ಟು ಶವಾಸನ. ನಾಲ್ಕೆಣಿಸುವಷ್ಟು ಉಸಿರು ಒಳಗೆ, ಆರೆಣಿಸುವಷ್ಟು ಹೊರಗೆ, ನಡುವೆ ತಡೆಯುವುದಿಲ್ಲ. ಕಚ್ಚಿಕೊಂಡಿದ್ದ ಹಲ್ಲು ತಾನಾಗಿ ಬಿಟ್ಟುಕೊಂಡರೆ ಕೆಲಸ ಆಗುತ್ತಿದೆ ಎಂದು ನನ್ನ ಲೆಕ್ಕ. ಎಲ್ಲಾ ಸೇರಿ ಹದಿನೈದು ನಿಮಿಷ.

ಮೈಗ್ರೇನ್ ದಿನ ತಲೆ ಕೆಳಗಾಗುವ ಯಾವುದೂ ಇಲ್ಲ: ಶೀರ್ಷಾಸನ, ಸರ್ವಾಂಗಾಸನ, ಅಧೋಮುಖ ಶ್ವಾನಾಸನ, ಶಶಾಂಕಾಸನವೂ ಸೇರಿ. ಕತ್ತು ಹಿಂದಕ್ಕೆ ಚೆಲ್ಲುವ ಉಷ್ಟ್ರಾಸನ, ಚಕ್ರಾಸನವೂ ಬೇಡ. ಕಪಾಲಭಾತಿ, ಭಸ್ತ್ರಿಕಾಗಳಂತೂ ಪ್ರತಿ ಹೊಡೆತಕ್ಕೂ ತಲೆಯನ್ನು ಕುಟ್ಟುತ್ತವೆ. ಭ್ರಾಮರಿ ತಂಪು ಎನ್ನುತ್ತಾರೆ, ನಿಜ, ಬಿಗಿತಕ್ಕೆ. ಸದ್ದೇ ಸಹಿಸಲಾಗದ ಹೊತ್ತಿನಲ್ಲಿ ತಲೆಯೊಳಗೇ ದುಂಬಿ ಬಿಟ್ಟುಕೊಳ್ಳುವುದು ನನ್ನಿಂದಾಗದು.

ಮೊನ್ನೆ ಸಂಜೆ ಅನುಮಾನ ಬಂದು ಮಹಡಿ ಹತ್ತಿದೆ. ಐದನೇ ಮೆಟ್ಟಿಲಿಗೇ ಕಣ್ಣಿನ ಹಿಂದೆ ಮಿಡಿಯಿತು. ಡಾಕ್ಟರು ಬರೆದುಕೊಟ್ಟ ಮಾತ್ರೆ ಆಗಲೇ ನುಂಗಿ, ಬಿಡಿಸಿದ್ದ ಚಾಪೆ ಸುತ್ತಿಟ್ಟು, ಪರದೆ ಎಳೆದು, ಎತ್ತರದ ದಿಂಬಿಗೆ ಒರಗಿದೆ.