ಕ್ಲಿಕ್ 100, ಸೆಷನ್ 70: ಉಳಿದವು ಎಲ್ಲಿ ಹೋದ್ವು?

ಆಳಂದ, ಅಫಜಲಪುರ, ಜೇವರ್ಗಿ ಜನರಿಗೆ ತೊಗರಿ ಬೇಳೆಯ ಗೂಗಲ್ ಆ್ಯಡ್ ಹಾಕಿದ್ದೀವಿ ಅಂದ್ಕೊಳ್ಳೋಣ. ಆ್ಯಡ್ಸ್‌ನಲ್ಲಿ 100 ಕ್ಲಿಕ್, ಅನಾಲಿಟಿಕ್ಸ್‌ನಲ್ಲಿ 70 ಸೆಷನ್.

ಯಾರ ಲೆಕ್ಕ ತಪ್ಪು?
ಎರಡೂ ಸರಿ ಇರಬಹುದು. ಆ್ಯಡ್ ಒತ್ತಿದ ಕೂಡಲೇ ಕ್ಲಿಕ್ ದಾಖಲಾಗುತ್ತೆ. ಪೇಜ್ ತೆರೆದು, ಅದರೊಳಗಿನ ಟ್ಯಾಗ್ ಓಡಿದ ಮೇಲಷ್ಟೇ ಸೆಷನ್.

ನಡುವೆ ಏನಾಗುತ್ತೆ?
ನೆಟ್‌ವರ್ಕ್ ನಿಧಾನ ಇದ್ರೆ ಪೇಜ್ ಬರೋ ಮೊದಲೇ ಜನ ವಾಪಸ್ ಹೋಗ್ತಾರೆ. ಒಬ್ಬರೇ ಹತ್ತು ನಿಮಿಷದಲ್ಲಿ ಎರಡು ಸಲ ಒತ್ತಿದ್ರೆ ಕ್ಲಿಕ್ ಎರಡಾಗಬಹುದು, ಸೆಷನ್ ಒಂದೇ. 30 ನಿಮಿಷ ಸುಮ್ಮನಿದ್ದರೆ ಮಾತ್ರ ಹೊಸ ಸೆಷನ್.

ಪತ್ತೆ ಹೇಗೆ?
ಆಟೋ ಟ್ಯಾಗಿಂಗ್ ಆನ್ ಇದ್ದರೆ ಪ್ರತಿ ಕ್ಲಿಕ್‌ಗೂ ಬೇರೆ `gclid` ಬರುತ್ತೆ. ಸರ್ವರ್ ಲಾಗ್‌ನಲ್ಲಿ ಅವನ್ನು ಎಣಿಸೋಣ. 95 ಸಿಕ್ಕರೆ, ಕ್ಲಿಕ್ ಸರ್ವರ್‌ವರೆಗೆ ಬಂದಿದೆ. ಸೋರಿಕೆ ನಮ್ಮ ಪೇಜ್‌ನಲ್ಲೇ ಹುಡುಕಬೇಕು. 72 ಸಿಕ್ಕರೆ, ಸರ್ವರ್ ಮುಟ್ಟೋ ಮೊದಲೇ ಕಳೆದಿವೆ, ಇಲ್ಲವೇ ರೀಡೈರೆಕ್ಟ್ `gclid` ಕಿತ್ತುಹಾಕಿದೆ.